ಸರ್ವಿಸ್ ಕಂಪನಿಯಿಂದ ಪ್ರಾಡಕ್ಟ್ ಕಂಪನಿಗೆ: ಕ್ಲೈಂಟ್ ಕೆಲಸವನ್ನು ಇಂಟರ್‌ವ್ಯೂನಲ್ಲಿ ಹೇಳುವುದು ಹೇಗೆ?

ಸಿಯಾಟಲ್‌ನಿಂದ ಪೂರ್ವಕ್ಕೆ ಹೊರಟು ಲೇಕ್ ವಾಷಿಂಗ್ಟನ್ ದಾಟಿದರೆ ಬೆಲ್‌ವ್ಯೂ, ಅದರಾಚೆ ರೆಡ್ಮಂಡ್. 1986ರಿಂದ ಮೈಕ್ರೋಸಾಫ್ಟ್‌ನ ಕೇಂದ್ರ ಕಚೇರಿ ರೆಡ್ಮಂಡ್‌ನಲ್ಲಿದೆ. ಟಿ-ಮೊಬೈಲ್ ಬೆಲ್‌ವ್ಯೂನಲ್ಲಿ, ಕಾಸ್ಟ್‌ಕೋ ಇಸ್ಸಾಕ್ವಾದಲ್ಲಿ, ಅಮೆಜಾನ್ ಮತ್ತು ಸ್ಟಾರ್‌ಬಕ್ಸ್ ಸರೋವರದ ಈಚೆ ಸಿಯಾಟಲ್‌ನಲ್ಲಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಟ್ರೈನಿಂಗ್ ಮುಗಿಸಿ, ಕೆಲವು ವರ್ಷ ಆಫ್‌ಶೋರ್‌ನಲ್ಲಿ ದುಡಿದು, ಆನ್‌ಸೈಟ್ ಎಂದು ಇಲ್ಲಿಗೆ ಬಂದಿಳಿಯುವ ಕನ್ನಡದ ಎಂಜಿನಿಯರುಗಳು ಇಂಥ ಕಂಪನಿಗಳ ಕಟ್ಟಡಗಳಲ್ಲೇ ಕೆಲಸ ಮಾಡುತ್ತಾರೆ. ಸಂಬಳ ಕೊಡುವುದು ಒಂದು ಕಂಪನಿ, ಕೆಲಸ ಹೇಳುವುದು ಇನ್ನೊಂದು. ಪಕ್ಕದ ಡೆಸ್ಕಿನವರು ಅದೇ ಕೋಡ್ ಮುಟ್ಟುತ್ತಾರೆ, ಅದೇ ಮೀಟಿಂಗಿನಲ್ಲಿ ಕೂರುತ್ತಾರೆ. ಆದರೆ ಮೈಕ್ರೋಸಾಫ್ಟ್‌ನಲ್ಲಿ ವೆಂಡರ್ ಕಡೆಯಿಂದ ಬಂದವರ ಇಮೇಲ್ ಹೆಸರೇ `v-` ಎಂದು ಶುರುವಾಗುತ್ತದೆ.

ಈ ಗೆರೆ ಇಷ್ಟು ದಪ್ಪವಾಗಿರುವುದಕ್ಕೆ ಇಲ್ಲಿಯದೇ ಒಂದು ಇತಿಹಾಸವಿದೆ. ತಾತ್ಕಾಲಿಕ ಎಂಬ ಹಣೆಪಟ್ಟಿಯಲ್ಲಿ ವರ್ಷಗಟ್ಟಲೆ ದುಡಿದ ಕೆಲವರು, ಕಾಯಂ ನೌಕರರಿಗೆ ಸಿಗುವ ಸವಲತ್ತು ತಮಗೂ ಸಲ್ಲಬೇಕೆಂದು 1992ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಕೋರ್ಟಿಗೆ ಹೋದರು. ವಿಜ್ಕೈನೋ ಮೊಕದ್ದಮೆ ಎಂದೇ ಹೆಸರಾದ ಆ ವ್ಯಾಜ್ಯ 2000ದಲ್ಲಿ 9.7 ಕೋಟಿ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. ಅದರಿಂದ ಪಾಠ ಕಲಿತ ಕಂಪನಿಗಳು ಹೊರಗಿನವರನ್ನೂ ಒಳಗಿನವರನ್ನೂ ಬೇರೆಬೇರೆಯಾಗಿಡಲು ಎಚ್ಚರ ವಹಿಸತೊಡಗಿದವು. 2014ರಲ್ಲಿ ಮೈಕ್ರೋಸಾಫ್ಟ್ ಇನ್ನೂ ಒಂದು ನಿಯಮ ತಂದಿತು: ಹೊರಗಿನ ಸಿಬ್ಬಂದಿಗೆ ಕಟ್ಟಡ ಮತ್ತು ನೆಟ್‌ವರ್ಕ್ ಪ್ರವೇಶ 18 ತಿಂಗಳು ಮಾತ್ರ, ಆಮೇಲೆ ಆರು ತಿಂಗಳ ಬಿಡುವು.

ಆದ್ದರಿಂದ ಒಂದೇ ಟೀಮಿನ ಪಕ್ಕದಲ್ಲಿ ಎಷ್ಟು ಕಾಲ ಕೂತಿದ್ದರೂ ಒಳಬಾಗಿಲು ತಾನಾಗಿ ತೆರೆಯುವುದಿಲ್ಲ. ಹೊರಗಿನಿಂದ ಅರ್ಜಿ ಹಾಕಿದವರಂತೆಯೇ ಕೋಡಿಂಗ್, ಡಿಸೈನ್, ಹಿಂದಿನ ಕೆಲಸದ ಪ್ರಶ್ನೋತ್ತರ ಎಲ್ಲವನ್ನೂ ಎದುರಿಸಬೇಕು. ಸರ್ವಿಸ್ ಕಂಪನಿಯವರು ಸಾಮಾನ್ಯವಾಗಿ ಕೋಡಿಂಗ್ ಸುತ್ತಿಗೆ ಹೆದರಿ ತಿಂಗಳುಗಟ್ಟಲೆ ಲೀಟ್‌ಕೋಡ್ ಲೆಕ್ಕ ಬಿಡಿಸುತ್ತಾರೆ. ಅದು ಬೇಕೇ ಬೇಕು. ಆದರೆ ಹತ್ತು ವರ್ಷ ಅನುಭವವಿದ್ದೂ ಕೈತಪ್ಪುವುದು ಬಹಳ ಸಲ ಇನ್ನೊಂದು ಕಡೆ. ‘ನೀವು ಮಾಡಿದ ಒಂದು ಕಷ್ಟದ ಕೆಲಸದ ಬಗ್ಗೆ ಹೇಳಿ’ ಎಂದಾಗ ಅವರ ಬಾಯಿಂದ ಬರುವುದು ಪ್ರಾಜೆಕ್ಟಿನ ಪರಿಚಯ, ಅವರು ಮಾಡಿದ ಕೆಲಸವಲ್ಲ.

ಅಮೆಜಾನ್‌ನ ಪದ್ಧತಿ ನೋಡಿದರೆ ಇದು ಏಕೆ ದುಬಾರಿ ಎಂಬುದು ಅರ್ಥವಾಗುತ್ತದೆ. ಕಂಪನಿ ತನ್ನ ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆ. 2021ರಲ್ಲಿ ಎರಡು ಸೇರಿ ಅವು ಈಗ 16. ಇಂಟರ್‌ವ್ಯೂ ಮಾಡುವ ಒಬ್ಬೊಬ್ಬರೂ ಅವುಗಳಲ್ಲಿ ಕೆಲವನ್ನು ಹಂಚಿಕೊಂಡು, ಪ್ರತಿಯೊಂದಕ್ಕೂ ನಡೆದ ಒಂದು ಘಟನೆ ಕೇಳುತ್ತಾರೆ, ಉತ್ತರವನ್ನು ಟೈಪ್ ಮಾಡಿಕೊಳ್ಳುತ್ತಾರೆ. ಅವರ ಜೊತೆ ಬೇರೆ ಟೀಮಿನಿಂದ ಬಂದ ‘ಬಾರ್ ರೈಸರ್’ ಒಬ್ಬರಿರುತ್ತಾರೆ. 1999ರಿಂದ ಇರುವ ಪದ್ಧತಿ ಇದು. ಅವರು ಬೇಡವೆಂದರೆ ನೇಮಕ ಮುಂದುವರಿಯುವುದು ಕಷ್ಟ. ಕೊನೆಗೆ ಎಲ್ಲರೂ ಕೂತು ಚರ್ಚಿಸುವಾಗ ಅವರ ಮುಂದಿರುವುದು ಆ ಟಿಪ್ಪಣಿಗಳು. ‘ಟೀಮ್ ಮಾಡಿತು’ ಎಂದು ಹೇಳಿದ್ದು ಟಿಪ್ಪಣಿಯಲ್ಲೂ ಹಾಗೇ ಇರುತ್ತದೆ. ಅದರಿಂದ ಅಭ್ಯರ್ಥಿಯ ಬಗ್ಗೆ ಯಾರಿಗೂ ಏನೂ ತಿಳಿಯುವುದಿಲ್ಲ.

ರೆಸ್ಯೂಮೆಯ ಒಂದು ಸಾಲನ್ನು ಬಿಚ್ಚಿದಾಗ

ಉದಾಹರಣೆಗೆ ಒಬ್ಬ ಎಂಜಿನಿಯರ್‌ ಇದ್ದಾರೆ ಎಂದಿಟ್ಟುಕೊಳ್ಳೋಣ. ಎಂಟು ವರ್ಷದ ಅನುಭವ, ಅದರಲ್ಲಿ ಮೂರು ವರ್ಷ ಬೆಲ್‌ವ್ಯೂ ಕಡೆಯ ಒಂದು ಟೆಲಿಕಾಂ ಕ್ಲೈಂಟ್‌ನಲ್ಲಿ. ರೆಸ್ಯೂಮೆಯಲ್ಲಿ ಆಕೆ ಬರೆದುಕೊಂಡಿರುವುದು ಇಷ್ಟು: ‘ಅಮೆರಿಕದ ಪ್ರಮುಖ ಟೆಲಿಕಾಂ ಕ್ಲೈಂಟ್‌ಗೆ ಬಿಲ್ಲಿಂಗ್ ಮಾಡ್ಯೂಲ್ ಎನ್‌ಹಾನ್ಸ್‌ಮೆಂಟ್ ಮತ್ತು ಪ್ರೊಡಕ್ಷನ್ ಸಪೋರ್ಟ್. ಜಾವಾ, ಸ್ಪ್ರಿಂಗ್, ಪೋಸ್ಟ್‌ಗ್ರೆಸ್. ಎಲ್ಲ ಹಂತಗಳಲ್ಲೂ ಭಾಗವಹಿಸಿದ್ದೇನೆ.’ ಸಾವಿರಾರು ರೆಸ್ಯೂಮೆಗಳಲ್ಲಿ ಇದೇ ಸಾಲು ಇರುತ್ತದೆ. ಓದಿದವರಿಗೆ ಆಕೆ ಏನು ಬಲ್ಲರು ಎಂಬುದು ಗೊತ್ತಾಗುವುದಿಲ್ಲ.

ಆಕೆಯನ್ನು ಕೂರಿಸಿಕೊಂಡು, ಆ ಮೂರು ವರ್ಷದಲ್ಲಿ ತುಂಬ ತಲೆಕೆಡಿಸಿದ್ದು ಯಾವುದು ಎಂದು ಕೇಳಿದರೆ ಮಾತು ಬೇರೆಯೇ ಆಗುತ್ತದೆ. ‘ನಿಮ್ಮ ಬಿಲ್ ತಯಾರಾಗಿದೆ’ ಎಂಬ ಇಮೇಲ್ ಕಳಿಸುವ ಒಂದು ರಾತ್ರಿ ಜಾಬ್ ಇತ್ತು. ರಾತ್ರಿ 11ಕ್ಕೆ ಶುರುವಾಗಿ ಬೆಳಗ್ಗೆ 6ರೊಳಗೆ ಮುಗಿಯಬೇಕು. ತಿಂಗಳ ದೊಡ್ಡ ಬಿಲ್ಲಿಂಗ್ ದಿನ ಪೂರ್ತಿ ಏಳು ಗಂಟೆ ತೆಗೆದುಕೊಳ್ಳುತ್ತಿತ್ತು. ಗ್ರಾಹಕರು ಹೆಚ್ಚಿದರೆ ಬೆಳಗಿನ 6ರ ಗಡುವು ಮೀರುವುದು ಖಚಿತ. ಮಧ್ಯದಲ್ಲಿ ಬಿದ್ದರೆ ಸಪೋರ್ಟ್‌ನವರು ಮೊದಲಿನಿಂದ ಮತ್ತೆ ಓಡಿಸುತ್ತಿದ್ದರು, ಆಗ ಸಾವಿರಾರು ಜನಕ್ಕೆ ಎರಡೆರಡು ಇಮೇಲ್ ಹೋಗಿ ಕಸ್ಟಮರ್ ಕೇರ್‌ಗೆ ಕರೆಗಳ ಸುರಿಮಳೆ.

ಟಿಕೆಟ್‌ನಲ್ಲಿ ಬಂದಿದ್ದು ‘ಜಾಬ್ ನಿಧಾನ, ಸರಿಪಡಿಸಿ’ ಎಂಬ ಒಂದು ಸಾಲು. ಆಕೆ ಮೊದಲು ಪ್ರತಿ ಹಂತದ ಸಮಯ ಲಾಗ್ ಆಗುವಂತೆ ಮಾಡಿದರು. ಜಾಬ್ ಒಬ್ಬೊಬ್ಬ ಗ್ರಾಹಕನ ವಿವರವನ್ನೂ ಡೇಟಾಬೇಸಿನಿಂದ ಪ್ರತ್ಯೇಕ ಕ್ವೆರಿಯಲ್ಲಿ ತರುತ್ತಿತ್ತು, ಒಂದಕ್ಕೆ 8 ಮಿಲಿಸೆಕೆಂಡ್. ಒಂಟಿಯಾಗಿ ನೋಡಿದರೆ ಏನೂ ಅಲ್ಲ. 24 ಲಕ್ಷ ಗ್ರಾಹಕರಿಗೆ ಗುಣಿಸಿದರೆ 19,200 ಸೆಕೆಂಡ್, ಅಂದರೆ 5 ಗಂಟೆ 20 ನಿಮಿಷ. ಏಳು ಗಂಟೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಸೋರುತ್ತಿತ್ತು.

ಕ್ಲೈಂಟ್ ಕಡೆಯ ಆರ್ಕಿಟೆಕ್ಟ್ ಎಂಟು ಥ್ರೆಡ್ ಹಾಕಿ ಏಕಕಾಲಕ್ಕೆ ಓಡಿಸಿ ಎಂದರು. ಆಕೆ ಅದನ್ನು ಟೆಸ್ಟ್ ವಾತಾವರಣದಲ್ಲಿ ಓಡಿಸಿ ನೋಡಿದರು. ವೇಗ ಬಂತು, ಆದರೆ ಅದೇ ಹೊತ್ತಿಗೆ ಡೇಟಾಬೇಸ್ ಬ್ಯಾಕಪ್ ನಡೆಯುತ್ತಿದ್ದುದರಿಂದ ಎರಡೂ ಒಂದಕ್ಕೊಂದು ಅಡ್ಡಬಂದವು. ಬದಲಿಗೆ 500 ಗ್ರಾಹಕರ ವಿವರವನ್ನು ಒಂದೇ ಕ್ವೆರಿಯಲ್ಲಿ ತರುವಂತೆ ಬರೆದರು. 4,800 ಕ್ವೆರಿ, ಒಂದಕ್ಕೆ ಸುಮಾರು 150 ಮಿಲಿಸೆಕೆಂಡ್, ಒಟ್ಟು 12 ನಿಮಿಷ. ಏಳು ಗಂಟೆಯ ಜಾಬ್ 1 ಗಂಟೆ 52 ನಿಮಿಷಕ್ಕೆ ಇಳಿಯಿತು.

ಎರಡೆರಡು ಇಮೇಲ್‌ಗೆ ಬೇರೆ ಮದ್ದು ಬೇಕಿತ್ತು. ಒಂದು ಟೇಬಲ್‌ನಲ್ಲಿ ಗ್ರಾಹಕನ ಸಂಖ್ಯೆ ಮತ್ತು ಬಿಲ್ ಅವಧಿ ಎರಡೂ ಸೇರಿ ಒಂದೇ ಸಲ ಬರಬೇಕು ಎಂಬ ನಿರ್ಬಂಧ ಹಾಕಿದರು:

```sql
INSERT INTO bill_mail (customer_id, bill_cycle, status)
VALUES (?, ?, 'pending')
ON CONFLICT (customer_id, bill_cycle) DO NOTHING;
```

ಇಮೇಲ್ ಹೋದ ಮೇಲೆ `status` ಅನ್ನು `'sent'` ಎಂದು ಬದಲಿಸುವುದು. ಜಾಬ್ ಮತ್ತೆ ಓಡಿದರೆ `'pending'` ಇರುವವರಿಗಷ್ಟೇ ಕಳಿಸುವುದು.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡು ಇಂಟರ್‌ವ್ಯೂಗೆ ಹೋದರೆ ಎಡವುವ ಜಾಗ ಇನ್ನೂ ಮುಂದಿದೆ. ಪ್ರಾಡಕ್ಟ್ ಕಂಪನಿಯ ಇಂಟರ್‌ವ್ಯೂನಲ್ಲಿ ಮೊದಲ ಉತ್ತರಕ್ಕಿಂತ ಆಮೇಲಿನ ಉಪಪ್ರಶ್ನೆಗಳೇ ಅಳತೆಗೋಲು. ಅದು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

‘ಇಮೇಲ್ ಹೋಯಿತು, `sent` ಎಂದು ಬರೆಯುವ ಮೊದಲೇ ಜಾಬ್ ಬಿತ್ತು. ಆಗ?’

‘ಮತ್ತೆ ಓಡಿಸಿದಾಗ ಆ ಗ್ರಾಹಕರಿಗೆ ಎರಡನೇ ಇಮೇಲ್ ಹೋಗುತ್ತದೆ. ಅದನ್ನು ಪೂರ್ತಿ ತಡೆಯಲು ಆಗಲಿಲ್ಲ.’

‘ಗೊತ್ತಿದ್ದೂ ಬಿಟ್ಟಿರಾ?’

‘ಹೌದು. ಮೊದಲೇ `sent` ಎಂದು ಬರೆದು ಆಮೇಲೆ ಕಳಿಸಿದ್ದರೆ, ನಡುವೆ ಬಿದ್ದಾಗ ಕೆಲವರಿಗೆ ಇಮೇಲೇ ಹೋಗುತ್ತಿರಲಿಲ್ಲ. ಬಿಲ್ ಬಂದದ್ದು ತಿಳಿಯದೆ ಅವರಿಗೆ ದಂಡ ಬೀಳಬಹುದು. ಅಪರೂಪಕ್ಕೆ ಒಬ್ಬರಿಗೆ ಎರಡು ಇಮೇಲ್ ಹೋಗುವುದು ಅದಕ್ಕಿಂತ ವಾಸಿ ಅನ್ನಿಸಿತು. ಕ್ಲೈಂಟ್‌ನ ಬಿಲ್ಲಿಂಗ್ ಮ್ಯಾನೇಜರ್ ಜೊತೆ ಮಾತಾಡಿಯೇ ತೀರ್ಮಾನಿಸಿದ್ದು.’

‘ಇದೇ ಜಾಬ್ ಇಮೇಲ್ ಬದಲು ಕಾರ್ಡಿನಿಂದ ಹಣ ಕಡಿತ ಮಾಡುತ್ತಿದ್ದರೆ?’

‘ಆಗ ಇದು ನಡೆಯುವುದಿಲ್ಲ. ಪ್ರತಿ ಕಡಿತದ ಜೊತೆ ಒಂದು ಗುರುತಿನ ಕೀಲಿ ಕಳಿಸಬೇಕು. ಅದೇ ಕೀಲಿ ಎರಡನೇ ಸಲ ಬಂದರೆ ಪೇಮೆಂಟ್ ಸಂಸ್ಥೆಯೇ ಹಣ ಮುಟ್ಟದೆ ಹಳೆಯ ಉತ್ತರ ಹಿಂದಿರುಗಿಸಬೇಕು.’

ಈ ಎರಡು ನಿಮಿಷದ ಮಾತಿನಲ್ಲಿ ಆಕೆಯ ಮೂರು ವರ್ಷ ಹೊರಬಂದಿವೆ. ಇಲ್ಲಿ ಹೊಸ ತಂತ್ರಜ್ಞಾನದ ಹೆಸರಿಲ್ಲ, ಮೈಕ್ರೋಸರ್ವಿಸ್ ಇಲ್ಲ, ಕಾಫ್ಕಾ ಇಲ್ಲ. ಏನು ಕೆಟ್ಟಿತ್ತು, ಅದು ಹೇಗೆ ಗೊತ್ತಾಯಿತು, ಯಾವ ದಾರಿ ಬಿಟ್ಟು ಯಾವುದನ್ನು ಹಿಡಿದರು, ಏನನ್ನು ಗೊತ್ತಿದ್ದೂ ಬಿಟ್ಟರು ಎಂಬುದಿದೆ. ಪ್ರಾಡಕ್ಟ್ ಕಂಪನಿಯಲ್ಲಿ ಜಾಬ್ ಬರೆದವರೇ ರಾತ್ರಿ ಆನ್‌ಕಾಲ್ ಕೂರುತ್ತಾರೆ, ತಪ್ಪಾದರೆ ಅದರ ಜೊತೆ ವರ್ಷಗಟ್ಟಲೆ ಬಾಳುತ್ತಾರೆ. ಹೀಗಾಗಿ ಎದುರಿಗೆ ಕೂತವರು ಹುಡುಕುವುದು ಇಂಥ ತೀರ್ಮಾನಗಳನ್ನೇ. ಪ್ರೊಡಕ್ಷನ್ ಸಪೋರ್ಟ್ ಮಾಡಿದವರು ಅದನ್ನು ಕೀಳು ಕೆಲಸವೆಂದು ರೆಸ್ಯೂಮೆಯಿಂದ ತೆಗೆದುಹಾಕುವುದುಂಟು. ಅದು ದೊಡ್ಡ ನಷ್ಟ. ಯಾವ ಸಾಫ್ಟ್‌ವೇರ್ ಎಲ್ಲಿ ಮುರಿಯುತ್ತದೆ ಎಂಬುದನ್ನು ಸಪೋರ್ಟ್ ಮಾಡಿದವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಪಾಲು ಹಂಚಿ ಹೇಳುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು. ಮೇಲಿನ ಕೆಲಸದಲ್ಲಿ ಅಳೆದದ್ದು, 500ರ ಗುಂಪಿನ ಕೋಡ್ ಬರೆದದ್ದು, ಟೇಬಲ್ ವಿನ್ಯಾಸ ಮಾಡಿದ್ದು ಆಕೆ. ಇಮೇಲ್ ಸರ್ವರ್ ಕಡೆಯ ಬದಲಾವಣೆ ಕ್ಲೈಂಟ್‌ನ ಇನ್ನೊಂದು ಟೀಮಿನದು. ಟೆಸ್ಟಿಂಗ್ ಬೆಂಗಳೂರಿನ ಇಬ್ಬರದು. ಹೀಗೆ ಬಿಡಿಸಿ ಹೇಳಿದರೆ ಆಕೆಯ ಪಾಲು ಚಿಕ್ಕದಾಗಿ ಕಾಣುವುದಿಲ್ಲ, ನಂಬುವಂತೆ ಕಾಣುತ್ತದೆ. ಎಲ್ಲವನ್ನೂ ತಾನೇ ಮಾಡಿದೆ ಎಂದವರಿಗೆ ಇಮೇಲ್ ಸರ್ವರ್ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಸಾಕು, ಗುಟ್ಟು ರಟ್ಟಾಗುತ್ತದೆ.

ಹೇಳಬಹುದಾದದ್ದು, ಹೇಳಬಾರದ್ದು

ಕ್ಲೈಂಟ್ ಕೆಲಸದ ಬಗ್ಗೆ ಮಾತಾಡಲು ಹಲವರು ಹಿಂಜರಿಯುವುದಕ್ಕೆ ಗೌಪ್ಯತೆಯ ಕರಾರೂ ಒಂದು ಕಾರಣ. ಭಯ ನ್ಯಾಯವೇ. ಆದರೆ ಆ ಕರಾರು ಮೌನವ್ರತವಲ್ಲ. ಗ್ರಾಹಕರ ಮಾಹಿತಿ, ಸೋರ್ಸ್ ಕೋಡ್, ಬಿಡುಗಡೆಯಾಗದ ಯೋಜನೆ, ಒಳಗಿನ ಸಿಸ್ಟಂಗಳ ಹೆಸರು, ಭದ್ರತೆಯ ದೋಷ ಇವು ಬಾಯಿಗೆ ಬರಬಾರದು. 500ರ ಗುಂಪಿನಲ್ಲಿ ಓದುವುದು, ಎರಡು ಸಲ ಹೋಗದಂತೆ ನಿರ್ಬಂಧ ಹಾಕುವುದು ಯಾವ ಕಂಪನಿಯ ಗುಟ್ಟೂ ಅಲ್ಲ, ಎಲ್ಲ ಎಂಜಿನಿಯರುಗಳಿಗೂ ಸೇರಿದ ತಿಳಿವಳಿಕೆ.

ನಡುವಿನ ಪ್ರದೇಶ ಅಂಕಿಗಳದು. 24 ಲಕ್ಷ ಎಂಬುದು ಕ್ಲೈಂಟ್‌ನ ವ್ಯವಹಾರದ ಅಂಕಿಯಾಗಿದ್ದರೆ ‘ಹತ್ತಾರು ಲಕ್ಷ’ ಎಂದರೆ ಸಾಕು. ಜಾಬ್‌ನ ಅವಧಿ ‘ಸುಮಾರು ನಾಲ್ಕನೇ ಒಂದಕ್ಕೆ ಇಳಿಯಿತು’ ಎಂಬುದರಲ್ಲಿ ಏನೂ ಸೋರುವುದಿಲ್ಲ. ಎದುರಿನವರು ಖಚಿತ ಅಂಕಿ ಕೇಳಿದರೆ ‘ಅದು ಕ್ಲೈಂಟ್‌ನ ಮಾಹಿತಿ, ಪ್ರಮಾಣ ಮಾತ್ರ ಹೇಳಬಲ್ಲೆ’ ಎನ್ನುವುದು ಗೌರವದ ಉತ್ತರ. ಮುಂದೆ ತಮ್ಮ ಕಂಪನಿಯ ಗುಟ್ಟನ್ನೂ ಈ ವ್ಯಕ್ತಿ ಹೀಗೇ ಕಾಯುತ್ತಾರೆ ಎಂದು ಕೇಳಿದವರಿಗೂ ತಿಳಿಯುತ್ತದೆ. ಕ್ಲೈಂಟ್‌ಗೆ ನೇರ ಪೈಪೋಟಿಯ ಕಂಪನಿಗೆ ಹೋಗುವವರಂತೂ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಇದಕ್ಕೆ ಸಿದ್ಧತೆ ಕೆಲಸದಲ್ಲಿರುವಾಗಲೇ ಶುರುವಾಗಬೇಕು. ಕ್ಲೈಂಟ್ ಬಿಟ್ಟ ದಿನ ಟಿಕೆಟ್‌ಗಳು, ಡ್ಯಾಶ್‌ಬೋರ್ಡ್‌ಗಳು ಎಲ್ಲವೂ ಕೈಬಿಡುತ್ತವೆ. ಆರು ತಿಂಗಳ ನಂತರ ‘ಎಷ್ಟು ವೇಗ ಬಂತು?’ ಎಂದರೆ ನೆನಪಾಗುವುದಿಲ್ಲ. ಹಾಗೆಂದು ಸ್ಕ್ರೀನ್‌ಶಾಟ್ ತೆಗೆದು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು, ಕೋಡ್ ನಕಲು ಮಾಡುವುದು ಕೆಲಸಕ್ಕೇ ಕುತ್ತು ತರುವ ತಪ್ಪು, ಇಂಥವನ್ನು ಪತ್ತೆಹಚ್ಚುವ ತಂತ್ರಾಂಶಗಳು ಕ್ಲೈಂಟ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ. ತಿಂಗಳಿಗೊಮ್ಮೆ ಮನೆಯಲ್ಲಿ, ಸ್ವಂತ ನೋಟ್‌ಬುಕ್ಕಿನಲ್ಲಿ, ಸ್ವಂತ ಮಾತಿನಲ್ಲಿ ಹೆಸರು ಮತ್ತು ಖಚಿತ ಅಂಕಿ ಬಿಟ್ಟು ನಾಲ್ಕು ಸಾಲು ಬರೆದಿಟ್ಟರೆ ಸಾಕು.

ರೆಸ್ಯೂಮೆಯಲ್ಲಿ ಕಂಪನಿಯ ಹೆಸರು ಬರೆಯುವಾಗ ಒಂದು ತಪ್ಪು ಪದೇಪದೇ ಆಗುತ್ತದೆ. ರೆಡ್ಮಂಡ್‌ನ ಕ್ಯಾಂಪಸ್ಸಿನಲ್ಲಿ ಕೂತವರು ಕೆಲಸ ಕೊಟ್ಟವರ ಜಾಗದಲ್ಲಿ ‘ಮೈಕ್ರೋಸಾಫ್ಟ್’ ಎಂದೇ ಬರೆದುಬಿಡುತ್ತಾರೆ. ಅಮೆರಿಕದಲ್ಲಿ ಹಿನ್ನೆಲೆ ಪರಿಶೀಲನೆ ಮಾಡುವವರು ಇಕ್ವಿಫ್ಯಾಕ್ಸ್‌ನ ‘ದಿ ವರ್ಕ್ ನಂಬರ್’ನಂಥ ದಾಖಲೆಗಳಲ್ಲಿ ಸಂಬಳ ಕೊಟ್ಟ ಕಂಪನಿಯ ಹೆಸರು ನೋಡುತ್ತಾರೆ. ಅಲ್ಲಿ ಬೇರೆ ಹೆಸರಿದ್ದರೆ ಕೈಗೆ ಬಂದ ಆಫರ್ ಹಿಂದಕ್ಕೆ ಹೋಗಬಹುದು. ಮೊದಲು ಸಂಬಳ ಕೊಡುವ ಕಂಪನಿ, ಅದರ ಕೆಳಗೆ ಕ್ಲೈಂಟ್: ಇದೇ ಸರಿಯಾದ ಕ್ರಮ. ಕ್ಲೈಂಟ್ ಹೆಸರು ಹೇಳಬಾರದೆಂಬ ಕರಾರಿದ್ದರೆ ‘ಅಮೆರಿಕದ ಒಂದು ಮೊಬೈಲ್ ಸೇವಾ ಕಂಪನಿ’ ಎನ್ನಬಹುದು. ಅದರ ಕೆಳಗೆ ನಮ್ಮ ಎಂಜಿನಿಯರ್ ಬರೆಯಬೇಕಾದ ಸಾಲು ಇದು: ‘ಹತ್ತಾರು ಲಕ್ಷ ಗ್ರಾಹಕರಿಗೆ ಬಿಲ್ ಸೂಚನೆ ಕಳಿಸುವ ರಾತ್ರಿ ಜಾಬ್‌ನ ಅವಧಿಯನ್ನು, ಒಂಟಿ ಕ್ವೆರಿಗಳನ್ನು ಗುಂಪುಗೂಡಿಸಿ, ನಾಲ್ಕನೇ ಒಂದಕ್ಕೆ ಇಳಿಸಿದೆ, ಮರು ಓಟದಲ್ಲಿ ಸೂಚನೆ ಎರಡೆರಡು ಸಲ ಹೋಗುವುದನ್ನು ಬಹುಮಟ್ಟಿಗೆ ತಡೆದೆ.’ ‘ಬಹುಮಟ್ಟಿಗೆ’ ಎಂಬುದನ್ನು ಬಿಡಬಾರದು, ಉಪಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ, ಅದಕ್ಕೆ ಉತ್ತರ ಆಕೆಯ ಬಳಿ ಇದೆ.

ಸಿದ್ಧತೆಯಲ್ಲಿ ಏನು ಬದಲಾಗಬೇಕು

ಮೊದಲು ಸಮಯದ ಮಾತು. ಬೇಸಿಗೆಯಲ್ಲಿ ಸಿಯಾಟಲ್‌ಗೂ ಭಾರತಕ್ಕೂ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಬೆಂಗಳೂರಿನ ಬೆಳಗ್ಗೆ 9ರ ಕಾಲ್ ಇಲ್ಲಿ ರಾತ್ರಿ 8:30ಕ್ಕೆ ಬರುತ್ತದೆ, ಚಳಿಗಾಲದಲ್ಲಿ 7:30ಕ್ಕೆ. ಊಟದ ಹೊತ್ತನ್ನೂ ಓದಿನ ಹೊತ್ತನ್ನೂ ಆಫ್‌ಶೋರ್ ಕಾಲ್ ತಿಂದುಹಾಕುತ್ತದೆ. ರಾತ್ರಿ 11ಕ್ಕೆ ಲೀಟ್‌ಕೋಡ್ ತೆರೆಯುವ ಯೋಜನೆ ಎರಡು ವಾರಕ್ಕಿಂತ ಹೆಚ್ಚು ಉಳಿಯುವುದು ಅಪರೂಪ. ಬೆಳಗ್ಗೆ ಮಕ್ಕಳು ಏಳುವ ಮೊದಲಿನ ಒಂದು ಗಂಟೆ, ವಾರಾಂತ್ಯದಲ್ಲಿ ಒಂದು ದೀರ್ಘ ಅವಧಿ ಎಂದು ಮೂರು ನಾಲ್ಕು ತಿಂಗಳು ಹಿಡಿದುಕೊಳ್ಳುವುದು ಕಾರ್ಯಸಾಧ್ಯ.

ಕೋಡಿಂಗ್ ಸುತ್ತಿನಲ್ಲಿ ಸರ್ವಿಸ್ ಕಂಪನಿಯವರನ್ನು ಹಿಂದಕ್ಕೆ ಎಳೆಯುವುದು ಅಲ್ಗಾರಿದಂ ಜ್ಞಾನದ ಕೊರತೆಗಿಂತ ಕೇಳದೆ ಶುರುಮಾಡುವ ರೂಢಿ. ವರ್ಷಗಟ್ಟಲೆ ರಿಕ್ವೈರ್‌ಮೆಂಟ್ ಬರೆದು ಕೈಗೆ ಕೊಟ್ಟಿರುತ್ತಾರೆ, ಅದರಂತೆ ಮಾಡುವುದೇ ಒಳ್ಳೆಯ ಕೆಲಸ ಎಂದು ಕಲಿತಿರುತ್ತೇವೆ. ಇಂಟರ್‌ವ್ಯೂನಲ್ಲಿ ಪ್ರಶ್ನೆಯನ್ನು ಬೇಕೆಂದೇ ಅರೆಬರೆ ಕೊಡುತ್ತಾರೆ. ‘ಲಾಗ್‌ನಲ್ಲಿ ಅತಿ ಹೆಚ್ಚು ಸಲ ಬಂದ ಹತ್ತು ಐಪಿ ವಿಳಾಸ ಹುಡುಕಿ’ ಎಂದರೆ ತಕ್ಷಣ ಟೈಪ್ ಮಾಡತೊಡಗುವವರು ಒಂದು ಅವಕಾಶ ಕಳೆದುಕೊಂಡಂತೆ. ಫೈಲ್ ಎಷ್ಟು ದೊಡ್ಡದು, ಬೇರೆಬೇರೆ ವಿಳಾಸಗಳು ಮೆಮೊರಿಯಲ್ಲಿ ಹಿಡಿಯುತ್ತವೆಯೇ, ಹತ್ತನೆಯ ಸ್ಥಾನಕ್ಕೆ ಎರಡು ಸಮನಾದರೆ ಏನು ಎಂದು ಕೇಳಿ, ಆಮೇಲೆ ಎಣಿಕೆಗೆ ಹ್ಯಾಶ್‌ಮ್ಯಾಪ್, ಮೇಲಿನ ಹತ್ತಕ್ಕೆ ಹತ್ತರ ಗಾತ್ರದ ಹೀಪ್ ಎಂದು ದಾರಿ ಹೇಳಿ, ಒಪ್ಪಿಗೆ ಪಡೆದು ಬರೆಯುವುದು ಮೇಲು. ಅಭ್ಯಾಸವನ್ನೂ ಹೀಗೇ ಮಾಡಬೇಕು: ಗಟ್ಟಿಯಾಗಿ ಮಾತಾಡುತ್ತ, ಸ್ಪ್ರಿಂಗ್ ಇಲ್ಲದೆ, ಸೂಚನೆ ಕೊಡುವ ಎಡಿಟರ್ ಇಲ್ಲದೆ, ಕೊನೆಗೆ ತಾನೇ ಖಾಲಿ ಫೈಲ್ ಕೊಟ್ಟು ಪರೀಕ್ಷಿಸುತ್ತ. ಸಿಯಾಟಲ್‌ನ ಸಹ್ಯಾದ್ರಿ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಈ ಕಂಪನಿಗಳಲ್ಲಿ ದುಡಿಯುವ ಹತ್ತು ಜನ ಸಿಗುತ್ತಾರೆ. ರೆಫರಲ್ ಕೇಳುವ ಮೊದಲು ಅವರಲ್ಲೊಬ್ಬರಿಗೆ ‘ಸರ್, ಒಂದು ಗಂಟೆ ಕೂತು ನನ್ನನ್ನು ಇಂಟರ್‌ವ್ಯೂ ಮಾಡ್ತೀರಾ?’ ಎಂದು ಕೇಳುವುದು ಹೆಚ್ಚು ಉಪಕಾರಿ.

ಸಿಸ್ಟಂ ಡಿಸೈನ್‌ಗೆ ಪುಸ್ತಕ ಮತ್ತು ವೀಡಿಯೊಗಳಿಂದ ಶುರುಮಾಡುವವರೇ ಹೆಚ್ಚು. ಟ್ವಿಟರ್ ಕಟ್ಟುವುದು, ಉಬರ್ ಕಟ್ಟುವುದು ಬಾಯಿಪಾಠವಾಗುತ್ತದೆ, ಒಂದು ಅಡ್ಡಪ್ರಶ್ನೆಗೆ ಕುಸಿಯುತ್ತದೆ. ಸ್ವಂತ ಸಿಸ್ಟಂನಿಂದ ಶುರುಮಾಡಿದರೆ ಹಾಗಾಗುವುದಿಲ್ಲ. ಆ ಬಿಲ್ ಇಮೇಲ್ ಜಾಬ್‌ನ ಗ್ರಾಹಕರು ಹತ್ತುಪಟ್ಟು ಆದರು, 2.4 ಕೋಟಿ ಎನ್ನಿ. ಓದುವುದಕ್ಕೆ ಹಿಡಿಯುತ್ತಿದ್ದ 12 ನಿಮಿಷ ಎರಡು ಗಂಟೆಯಾಗುತ್ತದೆ, ಪರವಾಗಿಲ್ಲ. ಉಳಿದ 1 ಗಂಟೆ 40 ನಿಮಿಷ, ಅಂದರೆ ಇಮೇಲ್ ತಯಾರಿಸಿ ಕಳಿಸುವ ಭಾಗ, 16 ಗಂಟೆ 40 ನಿಮಿಷಕ್ಕೆ ಏರುತ್ತದೆ. ಅಡಚಣೆ ಓದುವ ಕಡೆಯಿಂದ ಕಳಿಸುವ ಕಡೆಗೆ ಜರುಗಿತು. ಈಗ ಒಂದೇ ಜಾಬ್ ಸಾಲದು. ಗ್ರಾಹಕರ ಸಂಖ್ಯೆಯ ಪ್ರಕಾರ ಪಾಲು ಮಾಡಿ, ಸರದಿಗೆ ಹಾಕಿ, ಹಲವು ವರ್ಕರ್‌ಗಳಿಗೆ ಹಂಚಬೇಕು. ಒಂದು ವರ್ಕರ್ ಸತ್ತರೆ ಅದರ ಪಾಲನ್ನು ಇನ್ನೊಂದು ಎತ್ತಿಕೊಳ್ಳಬೇಕು. ಇಮೇಲ್ ಸೇವೆ ಸೆಕೆಂಡಿಗೆ ಇಷ್ಟೇ ಎಂದು ಮಿತಿ ಹಾಕಿದರೆ ವೇಗ ತಗ್ಗಿಸಬೇಕು. ಇಷ್ಟು ಹೊತ್ತಿಗೆ ಕ್ಯೂ, ಪಾರ್ಟಿಷನ್, ಮರುಪ್ರಯತ್ನ ಇವೆಲ್ಲ ಅಗತ್ಯದಿಂದ ಹುಟ್ಟಿ ಬಂದಿರುತ್ತವೆ. ಆಮೇಲೆ ಪುಸ್ತಕ ತೆರೆದರೆ ಯಾವುದು ಏಕೆ ಬೇಕು ಎಂಬುದು ತಿಳಿದೇ ಓದಬಹುದು.

ಕಷ್ಟದ ಸ್ಥಿತಿ ಆನ್‌ಸೈಟ್ ಕೋಆರ್ಡಿನೇಟರ್‌ಗಳದು. ನಾಲ್ಕೈದು ವರ್ಷ ಸ್ಟೇಟಸ್ ಕಾಲ್, ಡಿಫೆಕ್ಟ್ ಪಟ್ಟಿ, ಎಸ್ಟಿಮೇಟ್ ಇವುಗಳಲ್ಲೇ ಕಳೆದು ಕೋಡ್ ಕೈಬಿಟ್ಟುಹೋಗಿರುತ್ತದೆ. ಬೆಂಗಳೂರಿನ ಟೀಮ್ ಬರೆದದ್ದನ್ನು ತಾನೇ ಬರೆದೆ ಎಂದು ಹೇಳಿ ದಾಟುವುದು ಅಸಾಧ್ಯ, ಮೂರನೇ ಉಪಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಎರಡು ದಾರಿಗಳಿವೆ. ಒಂದು, ಟೆಕ್ನಿಕಲ್ ಪ್ರೋಗ್ರಾಂ ಮ್ಯಾನೇಜರ್ ಹುದ್ದೆ. ಎರಡು ದೇಶದ ಟೀಮ್‌ಗಳ ನಡುವೆ ಒಂದು ಬಿಡುಗಡೆಯನ್ನು ದಡ ಸೇರಿಸಿದ ಅನುಭವ ಅಲ್ಲಿ ನೇರವಾಗಿ ಬೆಲೆಬಾಳುತ್ತದೆ, ಆದರೆ ಸಿಸ್ಟಂ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆಳವಾಗಿ ಹೇಳಬಲ್ಲವರಾಗಿರಬೇಕು. ಇನ್ನೊಂದು, ಈಗಿರುವ ಪ್ರಾಜೆಕ್ಟಿನಲ್ಲೇ ಒಂದು ಚಿಕ್ಕ ಭಾಗವನ್ನು ಕೇಳಿ ಪಡೆದು ಆರು ತಿಂಗಳು ಮತ್ತೆ ಕೋಡ್ ಬರೆಯುವುದು. ಎರಡನೆಯದು ನಿಧಾನದ ದಾರಿ. ಎಂಜಿನಿಯರ್ ಆಗಿಯೇ ಉಳಿಯಬೇಕೆನ್ನುವವರಿಗೆ ಬೇರೆ ಅಡ್ಡದಾರಿ ಕಾಣುವುದಿಲ್ಲ.

ಹುದ್ದೆ, ಸಂಬಳ, ವೀಸಾ

ಹತ್ತು ವರ್ಷದ ಅನುಭವಕ್ಕೆ ಸೀನಿಯರ್ ಹುದ್ದೆ ಸಿಗುತ್ತದೆಂದು ಎಣಿಸಿದವರಿಗೆ ಅಮೆಜಾನ್‌ನಲ್ಲಿ ಎಲ್5, ಮೈಕ್ರೋಸಾಫ್ಟ್‌ನಲ್ಲಿ 61 ಅಥವಾ 62ನೇ ಮಟ್ಟದ ಆಫರ್ ಬರುವುದುಂಟು. ಸೀನಿಯರ್ ಮಟ್ಟ ಅದರ ಮೇಲಿನದು. ಅವಮಾನವೆಂದು ಕೈಬಿಡಬೇಕಾಗಿಲ್ಲ. ವರ್ಷಗಳನ್ನು ಎಣಿಸದೆ ಇಂಟರ್‌ವ್ಯೂನಲ್ಲಿ ಕಂಡ ವ್ಯಾಪ್ತಿಯನ್ನು ಅಳೆಯುವುದು ಅಲ್ಲಿಯ ಕ್ರಮ. ಒಂದು ಜಾಬ್ ಸುಧಾರಿಸಿದ ಕತೆ ಎಲ್5ಕ್ಕೆ ಸಾಕು. ಸೀನಿಯರ್‌ಗೆ ಹಲವು ಟೀಮ್‌ಗಳು ಒಪ್ಪುವಂಥ ತೀರ್ಮಾನವನ್ನು ತಾನು ಮುಂದೆ ನಿಂತು ಮಾಡಿಸಿದ ಕತೆ ಬೇಕು. ಅಂಥದ್ದು ಇದ್ದರೆ ಅದನ್ನೇ ಮೊದಲು ಹೇಳಬೇಕು.

ಸಂಬಳದ ವಿಷಯದಲ್ಲಿ ವಾಷಿಂಗ್ಟನ್ ರಾಜ್ಯದ ಕಾನೂನು ಸರ್ವಿಸ್ ಕಂಪನಿಯವರ ಪರ ನಿಂತಿದೆ. 2019ರ ಜುಲೈ ಕೊನೆಯಿಂದ ಇಲ್ಲಿ ಅಭ್ಯರ್ಥಿಯ ಹಳೆಯ ಸಂಬಳವನ್ನು ಕೆಲಸ ಕೊಡುವವರು ಕೇಳುವಂತಿಲ್ಲ. 2023ರ ಜನವರಿ 1ರಿಂದ, 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಪ್ರಕಟಿಸಬೇಕು. ರಿಕ್ರೂಟರ್ ಎಷ್ಟು ನಿರೀಕ್ಷೆ ಎಂದು ಕೇಳಿದರೆ ಈಗಿನದಕ್ಕೆ ಇಪ್ಪತ್ತು ಶೇಕಡಾ ಸೇರಿಸಿ ಹೇಳುವ ಊರಿನ ಪದ್ಧತಿ ಬಿಟ್ಟು, ಜಾಹೀರಾತಿನ ವ್ಯಾಪ್ತಿಯನ್ನು ಮುಂದಿಟ್ಟು ಮಾತಾಡಬೇಕು. ಹಳೆಯ ಸಂಬಳವನ್ನು ತಾವಾಗಿಯೇ ಬಾಯಿಬಿಟ್ಟರೆ ಈ ರಕ್ಷಣೆ ಉಪಯೋಗಕ್ಕೆ ಬರುವುದಿಲ್ಲ.

ಎಚ್-1ಬಿಯಲ್ಲಿರುವವರು ಹೊಸ ಕಂಪನಿ ತಮ್ಮ ಪರವಾಗಿ ಅರ್ಜಿ ಸಲ್ಲಿಸಿದ ಮೇಲೆ ಅಲ್ಲಿ ಕೆಲಸ ಶುರುಮಾಡಲು ಕಾನೂನು ಒಪ್ಪುತ್ತದೆ, ಆದರೂ ಅನುಮೋದನೆ ಬರುವವರೆಗೆ ಹಳೆಯ ಕಂಪನಿಗೆ ರಾಜೀನಾಮೆ ಕೊಡದಿರುವುದು ಕ್ಷೇಮ. ಗ್ರೀನ್ ಕಾರ್ಡಿನ ಐ-140 ಅನುಮೋದನೆಯಾಗಿದ್ದರೆ ಹೊಸ ಕಂಪನಿ ಮೊದಲಿನಿಂದ ಅರ್ಜಿ ಹಾಕಿದರೂ ಹಳೆಯ ಸರದಿಯ ದಿನಾಂಕ ಸಾಮಾನ್ಯವಾಗಿ ಜೊತೆಗೆ ಬರುತ್ತದೆ. ಅನುಮೋದನೆಯ ನೋಟಿಸಿನ ಪ್ರತಿ ಕೈಯಲ್ಲಿರದಿದ್ದರೆ ಕಂಪನಿ ಬಿಡುವ ಮೊದಲು ಕೇಳಿ ಪಡೆಯಬೇಕು. ಎಲ್-1ರಲ್ಲಿ ಬಂದವರ ಸ್ಥಿತಿ ಬೇರೆ. ಆ ವೀಸಾ ಕಳಿಸಿದ ಕಂಪನಿಗೇ ಅಂಟಿಕೊಂಡದ್ದು, ಅದರ ಮೇಲೆ ಇನ್ನೊಂದು ಕಂಪನಿಗೆ ಹೋಗುವಂತಿಲ್ಲ. ಹೊಸ ಕಂಪನಿ ಎಚ್-1ಬಿ ಲಾಟರಿಗೆ ಹೆಸರು ಕೊಡಬೇಕು, ಆ ನೋಂದಣಿ ನಡೆಯುವುದು ಮಾರ್ಚ್‌ನಲ್ಲಿ, ಆಯ್ಕೆಯಾದರೂ ಕೆಲಸ ಶುರುವಾಗುವುದು ಅಕ್ಟೋಬರ್‌ನಿಂದ. ಎಲ್-1ರಲ್ಲಿರುವವರು ಇಂಟರ್‌ವ್ಯೂಗಳನ್ನು ಜನವರಿಯೊಳಗೆ ಮುಗಿಸುವಂತೆ, ಅಂದರೆ ಸಿದ್ಧತೆಯನ್ನು ಹಿಂದಿನ ಸೆಪ್ಟೆಂಬರ್‌ನಲ್ಲೇ ಶುರುಮಾಡುವಂತೆ ಲೆಕ್ಕ ಹಾಕಿಕೊಳ್ಳಬೇಕು, ಮೊದಲ ಫೋನ್ ಕರೆಯಲ್ಲೇ ರಿಕ್ರೂಟರ್‌ಗೆ ವೀಸಾದ ಸ್ಥಿತಿ ಸ್ಪಷ್ಟವಾಗಿ ಹೇಳಬೇಕು.